ಮನೆಯಲ್ಲಿ ಬೀಡಿ ಕಟ್ಟುವವರು ಮತ್ತು ಹೊಗೆಸೊಪ್ಪಿನ ಧೂಳು: ಪದೇ ಪದೇ ಕೇಳುವ ಪ್ರಶ್ನೆಗಳು

ದಕ್ಷಿಣ ಕನ್ನಡ, ಉಡುಪಿ, ತುಮಕೂರು, ದಾವಣಗೆರೆ, ಮೈಸೂರು ಮುಂತಾದ ಕಡೆಗಳಲ್ಲಿ ಬೀಡಿ ಕಟ್ಟುವ ಕೆಲಸ ಬಹುಪಾಲು ಮನೆಯೊಳಗೇ ನಡೆಯುತ್ತದೆ, ಮತ್ತು ಅದನ್ನು ಮಾಡುವವರಲ್ಲಿ ಹೆಚ್ಚಿನವರು ಹೆಂಗಸರು. ಈ ಕೆಲಸದಿಂದ ಬರುವ ಬೆನ್ನುನೋವು, ಕುತ್ತಿಗೆ ನೋವು, ಕಣ್ಣಿನ ಆಯಾಸ, ಮಜೂರಿಯ ತಕರಾರು ಇವೆಲ್ಲಕ್ಕೂ ಪ್ರತ್ಯೇಕವಾಗಿ ಬರೆಯಬೇಕಾದಷ್ಟು ವಿಷಯವಿದೆ. ಇಲ್ಲಿ ಒಂದೇ ಸಂಗತಿಯನ್ನು ಹಿಡಿದುಕೊಂಡಿದ್ದೇವೆ. ಎಲೆ, ಹೊಗೆಸೊಪ್ಪು ಕೊಟ್ಟು ಕಟ್ಟಿದ ಬೀಡಿಯನ್ನು ಪಡೆಯುವ ಬ್ರಾಂಚಿನಿಂದ ಮನೆಗೆ ಬರುವ ಹೊಗೆಸೊಪ್ಪಿನ ಧೂಳು ಮನೆಯಲ್ಲಿ ಎಲ್ಲೆಲ್ಲಿ ಕೂರುತ್ತದೆ, ತಾಯಿ ಮಕ್ಕಳ ದೇಹಕ್ಕೆ ಹೇಗೆ ಸೇರುತ್ತದೆ, ಮತ್ತು ಅದೇ ಮನೆಯಲ್ಲಿ ಇದ್ದುಕೊಂಡು ಅದನ್ನು ಎಷ್ಟರ ಮಟ್ಟಿಗೆ ದೂರ ಇಡಬಹುದು ಎಂಬುದೇ ಆ ಸಂಗತಿ.

ಬೀಡಿ ಸೇದದವರಿಗೂ ಹೊಗೆಸೊಪ್ಪಿನಿಂದ ತೊಂದರೆ ಆಗುತ್ತದೆಯೇ?

ಆಗುತ್ತದೆ. ಸೇದುವುದು ಹೊಗೆಸೊಪ್ಪು ದೇಹಕ್ಕೆ ಸೇರುವ ದಾರಿಗಳಲ್ಲಿ ಒಂದು ಮಾತ್ರ. ಬೀಡಿ ಕಟ್ಟುವವರಿಗೆ ಅದು ಬೇರೆ ಮೂರು ದಾರಿಗಳಲ್ಲಿ ಬರುತ್ತದೆ. ಉಸಿರಿನ ಜೊತೆ ಧೂಳಾಗಿ ಬರುವುದು ಮೊದಲನೆಯದು. ಬೆರಳಿನ ಚರ್ಮದ ಮೂಲಕ ನಿಕೋಟಿನ್ ಒಳಗೆ ಇಳಿಯುವುದು ಎರಡನೆಯದು. ಕೈಗೆ, ತಟ್ಟೆಗೆ, ಲೋಟಕ್ಕೆ ಅಂಟಿದ ಪುಡಿ ಊಟದ ಜೊತೆ ಹೊಟ್ಟೆಗೆ ಹೋಗುವುದು ಮೂರನೆಯದು. ಜೀವಮಾನದಲ್ಲಿ ಒಂದು ಬೀಡಿಯನ್ನೂ ಸೇದದ, ಎಲೆ ಅಡಿಕೆಗೆ ಹೊಗೆಸೊಪ್ಪು ಹಾಕಿಕೊಳ್ಳದ ಹೆಂಗಸರ ಮೂತ್ರವನ್ನು ಪರೀಕ್ಷೆ ಮಾಡಿದಾಗಲೂ ಅದರಲ್ಲಿ ಕೊಟಿನಿನ್ ಸಿಕ್ಕಿದೆ. ನಿಕೋಟಿನ್ ದೇಹದೊಳಗೆ ಹೋದ ಮೇಲೆ ಕರಗಿ ಬದಲಾಗುವ ರೂಪವೇ ಕೊಟಿನಿನ್. ಕೈಗೆ ಅಂಟಿದ್ದು ಕೈಯಲ್ಲೇ ಉಳಿಯುವುದಿಲ್ಲ, ರಕ್ತಕ್ಕೆ ಸೇರುತ್ತದೆ ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಬೇಕಿಲ್ಲ.

ಚರ್ಮದ ದಾರಿಯ ಬಗ್ಗೆ ಒಂದು ಮಾತನ್ನು ಇಲ್ಲೇ ಹೇಳಿಬಿಡಬೇಕು, ಏಕೆಂದರೆ ಅದನ್ನು ಹೆಚ್ಚಿನವರು ಗಮನಿಸುವುದಿಲ್ಲ. ಬೀಡಿ ಎಲೆ ಒಣಗಿದ್ದರೆ ಮಡಚುವಾಗ ಒಡೆಯುತ್ತದೆ, ಆದ್ದರಿಂದ ಎಲೆಯನ್ನು ನೆನೆಸಿ ಒದ್ದೆ ಬಟ್ಟೆಯಲ್ಲಿ ಸುತ್ತಿ ಇಟ್ಟುಕೊಳ್ಳುತ್ತಾರೆ. ಹೀಗಾಗಿ ಬೀಡಿ ಕಟ್ಟುವವರ ಬೆರಳು ಇಡೀ ದಿನ ಸ್ವಲ್ಪ ತೇವವಾಗಿಯೇ ಇರುತ್ತದೆ. ನಿಕೋಟಿನ್ ನೀರಿನಲ್ಲಿ ಸುಲಭವಾಗಿ ಕರಗುವ ವಸ್ತು. ಒಣಗಿದ ಕೈಯಲ್ಲಿ ಹೊಗೆಸೊಪ್ಪು ಹಿಡಿದಾಗ ಇಳಿಯುವುದಕ್ಕಿಂತ ತೇವದ ಕೈಯಲ್ಲಿ, ಬೆವರಿದ ಕೈಯಲ್ಲಿ, ಕತ್ತರಿ ತಾಗಿ ಗಾಯವಾದ ಬೆರಳಿನಲ್ಲಿ ಅದು ಹೆಚ್ಚು ಇಳಿಯುತ್ತದೆ.

ಒಂದು ಮನೆಗೆ ಎಷ್ಟು ಹೊಗೆಸೊಪ್ಪು ಬಂದು ಹೋಗುತ್ತದೆ?

ಲೆಕ್ಕ ಹಾಕಿ ನೋಡಿದರೆ ಯಾರಿಗಾದರೂ ಆಶ್ಚರ್ಯವಾಗುತ್ತದೆ. ಬೀಡಿಯ ಗಾತ್ರಕ್ಕೆ ತಕ್ಕಂತೆ ವ್ಯತ್ಯಾಸವಿದ್ದರೂ ಸಾವಿರ ಬೀಡಿಗೆ ಸುಮಾರು 200ರಿಂದ 250 ಗ್ರಾಂ ಹೊಗೆಸೊಪ್ಪು ಬೇಕು. ಎರಡು ಕೋಣೆಯ ಒಂದು ಮನೆಯನ್ನು ಕಣ್ಣ ಮುಂದೆ ಇಟ್ಟುಕೊಳ್ಳೋಣ. ಆ ಮನೆಯ ತಾಯಿ ದಿನಕ್ಕೆ 800 ಬೀಡಿ ಕಟ್ಟುತ್ತಾರೆ. ಮನೆಯಲ್ಲಿ ಅತ್ತೆ, ಒಂಬತ್ತು ವರ್ಷದ ಮಗಳು ಮತ್ತು ಅಂಬೆಗಾಲಿಡುವ ಹತ್ತು ತಿಂಗಳ ಮಗು ಇದ್ದಾರೆ. ಸಾವಿರಕ್ಕೆ 220 ಗ್ರಾಂ ಎಂದು ಹಿಡಿದರೆ ದಿನಕ್ಕೆ 176 ಗ್ರಾಂ ಆಯಿತು. ತಿಂಗಳಿಗೆ 25 ದಿನ ಕೆಲಸವೆಂದರೆ 4 ಕಿಲೋ 400 ಗ್ರಾಂ. ವರ್ಷಕ್ಕೆ ಸುಮಾರು 53 ಕಿಲೋ ಹೊಗೆಸೊಪ್ಪು ಆ ಎರಡು ಕೋಣೆಗಳೊಳಗೆ ಬಂದು, ಒಬ್ಬ ತಾಯಿಯ ಹತ್ತು ಬೆರಳುಗಳ ನಡುವಿನಿಂದ ಹಾದು, ಕಟ್ಟುಗಳಾಗಿ ಹೊರಗೆ ಹೋಗುತ್ತದೆ.

ಬಂದದ್ದೆಲ್ಲವೂ ಹೊರಗೆ ಹೋಗುವುದಿಲ್ಲ ಎಂಬುದೇ ಇಲ್ಲಿನ ತೊಂದರೆ. ನೂರಕ್ಕೆ ಒಂದು ಪಾಲು ಮಾತ್ರ ನೆಲಕ್ಕೆ, ಸೀರೆಗೆ, ಚಾಪೆಗೆ ಚೆಲ್ಲಿತು ಎಂದುಕೊಂಡರೂ ವರ್ಷಕ್ಕೆ ಅರ್ಧ ಕಿಲೋ ಮನೆಯೊಳಗೇ ಹರಡಿತು ಎಂದಾಯಿತು. ಈ ಒಂದು ಪಾಲು ಲೆಕ್ಕಕ್ಕಾಗಿ ನಾವು ಇಟ್ಟುಕೊಂಡ ಊಹೆ. ಮೊರವನ್ನು ತೊಡೆಯ ಮೇಲೆ ಇಟ್ಟುಕೊಂಡು ಕಟ್ಟುವವರು ಎದ್ದು ಸೆರಗು ಕೊಡವಿದಾಗ ಬೀಳುವುದನ್ನು ನೋಡಿದವರು ಅದನ್ನು ಹೆಚ್ಚೆಂದು ಹೇಳಲಾರರು.

ಧೂಳು ಅತಿ ಹೆಚ್ಚು ಏಳುವುದು ಯಾವಾಗ?

ಬೀಡಿ ಸುತ್ತುವ ಹೊತ್ತಿನಲ್ಲಿ ಏಳುವ ಧೂಳು ನಿಧಾನವಾದದ್ದು, ಆದರೆ ಗಂಟೆಗಟ್ಟಲೆ ನಡೆಯುವಂಥದ್ದು. ಒಮ್ಮೆಲೇ ಜೋರಾಗಿ ಏಳುವ ಹೊತ್ತುಗಳು ಮೂರು. ಹೊಗೆಸೊಪ್ಪಿನ ಚೀಲವನ್ನು ಮೊರಕ್ಕೆ ಸುರಿಯುವಾಗ ಏಳುತ್ತದೆ, ಮತ್ತು ಎಷ್ಟು ಎತ್ತರದಿಂದ ಸುರಿದರೆ ಅಷ್ಟು ಹೆಚ್ಚು ಏಳುತ್ತದೆ. ಕೆಲಸ ಮುಗಿಸಿ ಸೆರಗು, ಚಾಪೆ, ಗೋಣಿಗಳನ್ನು ಕೊಡವುವಾಗ ಏಳುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಕೆಲಸದ ಜಾಗವನ್ನು ಒಣ ಪೊರಕೆಯಿಂದ ಗುಡಿಸುವಾಗ ಏಳುತ್ತದೆ.

ಈ ಗುಡಿಸುವಿಕೆಯ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ದೊಡ್ಡ ಚೂರುಗಳು ತಮ್ಮ ತೂಕಕ್ಕೆ ಬೇಗ ಕೆಳಗೆ ಬೀಳುತ್ತವೆ, ಅವು ಕಣ್ಣಿಗೂ ಕಾಣುತ್ತವೆ. ಕಣ್ಣಿಗೆ ಕಾಣದಷ್ಟು ನುಣುಪಾದ ಕಣಗಳು ಗಂಟೆಗಟ್ಟಲೆ ಗಾಳಿಯಲ್ಲಿ ತೇಲುತ್ತಿರುತ್ತವೆ, ಮತ್ತು ಶ್ವಾಸಕೋಶದ ಆಳಕ್ಕೆ ಹೋಗುವವು ಇವೇ. ದೊಡ್ಡ ಕಣಗಳನ್ನು ಮೂಗು ಮತ್ತು ಗಂಟಲು ತಡೆದು ಹಿಡಿಯುತ್ತವೆ, ಅವು ಉಗುಳಿನ ಜೊತೆ ಹೊಟ್ಟೆಗೆ ಇಳಿಯುತ್ತವೆ. ಹಗಲೆಲ್ಲ ಕಷ್ಟಪಟ್ಟು ನೆಲಕ್ಕೆ ಇಳಿದಿದ್ದ ನುಣುಪು ಧೂಳನ್ನು ಸಂಜೆಯ ಪೊರಕೆ ಐದೇ ನಿಮಿಷದಲ್ಲಿ ಮತ್ತೆ ಗಾಳಿಗೆ ಎಬ್ಬಿಸುತ್ತದೆ. ಆಗಲೇ ಮಕ್ಕಳು ಶಾಲೆಯಿಂದ ಬಂದು ಅದೇ ಕೋಣೆಯಲ್ಲಿ ಪುಸ್ತಕ ಬಿಚ್ಚಿ ಕೂರುತ್ತಾರೆ.

ನಮ್ಮ ಮನೆಯಲ್ಲಿ ಧೂಳು ಇದೆಯೋ ಇಲ್ಲವೋ ತಿಳಿಯುವುದು ಹೇಗೆ?

ಯಂತ್ರ ಬೇಕಿಲ್ಲ. ಬಿಳಿ ಹತ್ತಿ ಬಟ್ಟೆಯ ತುಂಡನ್ನು ನೀರಿನಲ್ಲಿ ಅದ್ದಿ ಹಿಂಡಿ, ಬೀಡಿ ಕಟ್ಟುವ ಜಾಗದಿಂದ ಸ್ವಲ್ಪ ದೂರದಲ್ಲಿ, ಅಂದರೆ ಮಗು ಮಲಗುವ ಮಂಚದ ಚೌಕಟ್ಟಿನ ಮೇಲೆ, ಅಡುಗೆ ಪಾತ್ರೆಯ ಕಪಾಟಿನ ಮೇಲೆ, ಟಿವಿಯ ಮೇಲೆ ಒಂದೊಂದು ಗೇಣಷ್ಟು ಜಾಗವನ್ನು ಒರೆಸಿ. ಮಣ್ಣಿನ ಧೂಳು ಆ ಜಾಗದ ಮಣ್ಣಿನ ಬಣ್ಣಕ್ಕೆ ಬರುತ್ತದೆ. ಹೊಗೆಸೊಪ್ಪು ನೀರಿಗೆ ತನ್ನ ಬಣ್ಣ ಬಿಡುವುದರಿಂದ ಕಂದು ಹಳದಿ ಕಲೆ ಬರುತ್ತದೆ, ಮತ್ತು ಬಟ್ಟೆಯನ್ನು ಮೂಗಿನ ಬಳಿ ಹಿಡಿದರೆ ವಾಸನೆಯೂ ಗೊತ್ತಾಗುತ್ತದೆ. ಒರೆಸುವ ಕೆಲಸವನ್ನು ಹೊರಗಿನಿಂದ ಬಂದ ನೆಂಟರಿಗೆ ವಹಿಸಿದರೆ ಒಳ್ಳೆಯದು, ಏಕೆಂದರೆ ದಿನವೂ ಆ ವಾಸನೆಯಲ್ಲಿ ಇರುವವರ ಮೂಗಿಗೆ ಅದು ತಿಳಿಯುವುದು ನಿಂತುಹೋಗಿರುತ್ತದೆ. ಮಂಚದ ಚೌಕಟ್ಟಿನ ಮೇಲೆ ಕಂದು ಕಲೆ ಬಂದರೆ ಧೂಳು ಕೆಲಸದ ಮೂಲೆಯನ್ನು ದಾಟಿ ಮಲಗುವ ಜಾಗಕ್ಕೆ ಬಂದಿದೆ ಎಂದು ಅರ್ಥ. ಈ ಪರೀಕ್ಷೆ ಪ್ರಮಾಣವನ್ನು ಹೇಳುವುದಿಲ್ಲ, ಧೂಳು ತಲುಪಿರುವ ದೂರವನ್ನು ಹೇಳುತ್ತದೆ.

ನನಗಿರುವ ಕೆಮ್ಮು, ತಲೆಸುತ್ತು ಹೊಗೆಸೊಪ್ಪಿನಿಂದಲೇ ಬಂದದ್ದು ಎಂದು ಹೇಗೆ ಗೊತ್ತಾಗುತ್ತದೆ?

ಹೊಗೆಸೊಪ್ಪಿನ ಧೂಳಿನಿಂದ ಎರಡು ಬಗೆಯ ತೊಂದರೆಗಳು ಬರುತ್ತವೆ, ಮತ್ತು ಅವುಗಳನ್ನು ಬೇರೆ ಬೇರೆಯಾಗಿ ನೋಡಬೇಕು. ಒಂದು ಧೂಳಿನ ಕೆರಳಿಕೆ. ಕಣ್ಣುರಿ, ಸೀನು, ಗಂಟಲು ಕೆರೆತ, ಒಣ ಕೆಮ್ಮು, ಎದೆ ಬಿಗಿತ, ಮೊದಲೇ ಅಸ್ತಮಾ ಇದ್ದವರಿಗೆ ಉಬ್ಬಸ ಹೆಚ್ಚಾಗುವುದು ಇವು ಆ ಗುಂಪಿಗೆ ಸೇರುತ್ತವೆ. ಇನ್ನೊಂದು ನಿಕೋಟಿನ್ನಿನ ಪರಿಣಾಮ. ಹೊಟ್ಟೆ ತೊಳೆಸುವುದು, ತಲೆನೋವು, ತಲೆಸುತ್ತು, ಎದೆ ಬಡಿತ ಹೆಚ್ಚುವುದು, ಹಸಿವು ಇಲ್ಲದಿರುವುದು ಇವು ಆ ಗುಂಪಿಗೆ ಸೇರುತ್ತವೆ. ಹೊಸದಾಗಿ ಕೆಲಸ ಕಲಿಯುವವರಿಗೆ ಈ ಎರಡನೆಯ ಗುಂಪು ಜೋರಾಗಿ ಕಾಣಿಸುತ್ತದೆ. ಕೆಲವು ವಾರಗಳಲ್ಲಿ ದೇಹ ಅದಕ್ಕೆ ಒಗ್ಗಿಕೊಳ್ಳುವುದರಿಂದ, ‘ಮೊದಲು ತಲೆ ತಿರುಗುತ್ತಿತ್ತು, ಈಗ ಅಭ್ಯಾಸವಾಗಿದೆ’ ಎನ್ನುವ ಮಾತು ಎಲ್ಲ ಕಡೆ ಕೇಳಿಬರುತ್ತದೆ. ಅಭ್ಯಾಸವಾಯಿತೆಂದರೆ ನಿಕೋಟಿನ್ ಒಳಗೆ ಬರುವುದು ನಿಂತಿತು ಎಂದಲ್ಲ. ಅದು ಬರುತ್ತಲೇ ಇದೆ, ದೇಹ ಅದನ್ನು ಹೇಳುವುದನ್ನು ಬಿಟ್ಟಿದೆ ಅಷ್ಟೆ.

ಕಾರಣವನ್ನು ಗುರುತಿಸಲು ರಜೆಯ ದಿನಗಳು ಸಹಾಯಕ್ಕೆ ಬರುತ್ತವೆ. ಬ್ರಾಂಚಿನಲ್ಲಿ ಎಲೆ ಬಾರದೆ ಮೂರು ನಾಲ್ಕು ದಿನ ಕೆಲಸ ನಿಂತಾಗ, ಅಥವಾ ಮದುವೆಗೆಂದು ತವರಿಗೆ ಹೋಗಿದ್ದಾಗ, ಕೆಮ್ಮು ಮತ್ತು ಎದೆ ಬಿಗಿತ ಕಡಿಮೆಯಾಗಿ, ಕೆಲಸಕ್ಕೆ ಕುಳಿತ ದಿನವೋ ಮರುದಿನವೋ ಮತ್ತೆ ಶುರುವಾದರೆ ಧೂಳಿನ ಮೇಲೆ ಬಲವಾದ ಅನುಮಾನ ಪಡಬಹುದು. ಕ್ಯಾಲೆಂಡರಿನ ಮೇಲೆ ಕೆಮ್ಮು ಬಂದ ದಿನಕ್ಕೆ ಒಂದು ಗುರುತು, ಕೆಲಸ ಮಾಡಿದ ದಿನಕ್ಕೆ ಇನ್ನೊಂದು ಗುರುತು ಹಾಕುತ್ತಾ ಎರಡು ತಿಂಗಳು ಬರೆದಿಟ್ಟರೆ ವೈದ್ಯರಿಗೆ ಅದು ಬಹಳ ಉಪಯೋಗವಾಗುತ್ತದೆ. ಆದರೆ ವರ್ಷಗಟ್ಟಲೆ ಧೂಳು ಕುಡಿದ ಶ್ವಾಸನಾಳ ನಾಲ್ಕು ದಿನದ ರಜೆಗೆ ಸರಿಯಾಗದೆ ಇರಬಹುದು, ಆದ್ದರಿಂದ ರಜೆಯಲ್ಲಿ ಕಡಿಮೆಯಾಗಲಿಲ್ಲ ಎಂಬ ಒಂದೇ ಕಾರಣಕ್ಕೆ ಧೂಳನ್ನು ಬಿಟ್ಟುಬಿಡಬಾರದು.

ಇದರಲ್ಲಿ ಒಂದು ದೊಡ್ಡ ತಪ್ಪು ನಡೆಯುತ್ತದೆ. ಬೀಡಿ ಕಟ್ಟುವವರ ಕೆಮ್ಮನ್ನು ಮನೆಯವರೂ ಕೆಲವೊಮ್ಮೆ ವೈದ್ಯರೂ ‘ಹೊಗೆಸೊಪ್ಪಿನ ಕೆಮ್ಮು’ ಎಂದು ತಳ್ಳಿಹಾಕಿ ಕ್ಷಯವನ್ನು ಹುಡುಕುವುದನ್ನೇ ಮರೆಯುತ್ತಾರೆ. ಕ್ಷಯ ರೋಗಾಣುವಿನಿಂದ ಬರುವ ಕಾಯಿಲೆ, ಹೊಗೆಸೊಪ್ಪಿನ ಧೂಳು ತಾನಾಗಿ ಅದನ್ನು ತರುವುದಿಲ್ಲ. ಆದರೆ ಗಾಳಿಯಾಡದ ಕೋಣೆಯಲ್ಲಿ ಹಲವರು ಹತ್ತಿರ ಹತ್ತಿರ ಕುಳಿತು ಕೆಲಸ ಮಾಡುವಾಗ ಅದು ಒಬ್ಬರಿಂದ ಒಬ್ಬರಿಗೆ ಹರಡಲು ಅನುಕೂಲವಾಗುತ್ತದೆ. ಕೆಮ್ಮು ಎರಡು ವಾರ ದಾಟಿದರೆ, ಸಂಜೆ ಜ್ವರ ಬಂದರೆ, ತೂಕ ಇಳಿದರೆ, ಕಫದಲ್ಲಿ ರಕ್ತ ಕಂಡರೆ ಸರಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಮಾಡಿಸಬೇಕು. ಈ ಪರೀಕ್ಷೆಗೂ ಔಷಧಿಗೂ ಅಲ್ಲಿ ಹಣ ಕೊಡಬೇಕಾಗಿಲ್ಲ.

ಮಕ್ಕಳಿಗೆ ಅಪಾಯ ಹೆಚ್ಚು ಎನ್ನುವುದು ಏಕೆ? ಅವರು ಕೆಲಸಕ್ಕೆ ಕೂರುವುದಿಲ್ಲವಲ್ಲ?

ಕೆಲಸಕ್ಕೆ ಕೂರದ ಮಗುವೂ ಅದೇ ನೆಲದ ಮೇಲೆ ಇರುತ್ತದೆ. ಮೇಲೆ ಹೇಳಿದ ಮನೆಯ ಹತ್ತು ತಿಂಗಳ ಮಗುವನ್ನು ನೋಡಿ. ಅದರ ಮೂಗು ನೆಲದಿಂದ ಒಂದು ಗೇಣು ಎತ್ತರದಲ್ಲಿದೆ. ದೇಹದ ತೂಕಕ್ಕೆ ಹೋಲಿಸಿದರೆ ಅದು ದೊಡ್ಡವರಿಗಿಂತ ಹೆಚ್ಚು ಗಾಳಿಯನ್ನು ಎಳೆದುಕೊಳ್ಳುತ್ತದೆ. ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುತ್ತದೆ, ಏನೂ ಸಿಗದಿದ್ದರೆ ಕೈಯನ್ನೇ ಹಾಕುತ್ತದೆ. ತಾಯಿ ಕೆಲಸದ ನಡುವೆ ಎದ್ದು ಅದರ ಮೂಗು ಬಾಯಿಯನ್ನು ಅದೇ ಸೆರಗಿನಿಂದ ಒರೆಸುತ್ತಾರೆ. ಪ್ರೀತಿಯಿಂದ ಮಾಡಿದ ಆ ಕೆಲಸದಲ್ಲೇ ಬೆಳಗಿನಿಂದ ಸೆರಗಿಗೆ ಕೂತಿದ್ದ ಹೊಗೆಸೊಪ್ಪು ಮಗುವಿನ ತುಟಿಗೆ ಹೋಗುತ್ತದೆ.

ಒಂಬತ್ತು ವರ್ಷದ ಮಗಳ ಕಥೆ ಬೇರೆ. ಅವಳು ಬೀಡಿ ಸುತ್ತದೆ ಇರಬಹುದು, ಆದರೆ ಶಾಲೆಯಿಂದ ಬಂದ ಮೇಲೆ ಬೀಡಿಯ ತುದಿ ಮಡಚಿ ಕೊಡುತ್ತಾಳೆ, ನೂಲು ಸುತ್ತುತ್ತಾಳೆ, ಇಪ್ಪತ್ತೈದರ ಕಟ್ಟು ಮಾಡುತ್ತಾಳೆ. ‘ಕೆಲಸ ಅಲ್ಲ, ಅಮ್ಮನಿಗೆ ಕೈಜೋಡಿಸುವುದು’ ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ತುದಿ ಮಡಚುವವರ ಉಗುರು ನೇರವಾಗಿ ಹೊಗೆಸೊಪ್ಪಿನ ಮೇಲೇ ಕೂರುತ್ತದೆ ಎಂಬುದನ್ನು ಆ ಮಾತು ಮರೆಸುತ್ತದೆ.

ಉದ್ಯೋಗದ ಜಾಗದ ಗಾಳಿಯಲ್ಲಿ ನಿಕೋಟಿನ್ ಒಂದು ಘನ ಮೀಟರಿಗೆ 0.5 ಮಿಲಿಗ್ರಾಂ ದಾಟಬಾರದು ಎಂಬ ಮಿತಿಯೊಂದನ್ನು ಹಲವು ದೇಶಗಳು ಬಳಸುತ್ತವೆ. ಆ ಮಿತಿ ದಿನಕ್ಕೆ ಎಂಟು ಗಂಟೆ ಕೆಲಸ ಮಾಡಿ ಮನೆಗೆ ಹೋಗುವ ಆರೋಗ್ಯವಂತ ವಯಸ್ಕರಿಗಾಗಿ ಇಟ್ಟದ್ದು. ಮನೆಯೇ ಕೆಲಸದ ಜಾಗವಾದಾಗ, ಅದೇ ಕೋಣೆಯಲ್ಲಿ ಇಪ್ಪತ್ತನಾಲ್ಕು ಗಂಟೆಯೂ ಇರುವ ಕೂಸಿಗೆ ಅದನ್ನು ಅನ್ವಯಿಸುವುದು ಸರಿಯಲ್ಲ.

ಮಗು ಹೊಗೆಸೊಪ್ಪನ್ನು ಬಾಯಿಗೆ ಹಾಕಿಕೊಂಡುಬಿಟ್ಟರೆ ಏನು ಮಾಡಬೇಕು?

ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಬೀಡಿಯ ಹೊಗೆಸೊಪ್ಪಿನಲ್ಲಿ ನೂರಕ್ಕೆ ಸುಮಾರು ಎರಡು ಪಾಲು ನಿಕೋಟಿನ್ ಇರುತ್ತದೆ, ಅಂದರೆ ಒಂದು ಗ್ರಾಂನಲ್ಲಿ ಸುಮಾರು 20 ಮಿಲಿಗ್ರಾಂ. ಮೂರು ಬೆರಳಲ್ಲಿ ಹಿಡಿಯುವಷ್ಟು ಪುಡಿಯೂ ಎಂಟು ಹತ್ತು ಕಿಲೋ ತೂಕದ ಕೂಸಿಗೆ ವಿಷವಾಗಬಲ್ಲದು. ಸಾಮಾನ್ಯವಾಗಿ ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ವಾಂತಿ, ಜೊಲ್ಲು ಸುರಿಯುವುದು, ಮುಖ ಬಿಳಿಚಿಕೊಳ್ಳುವುದು, ಬೆವರು, ಚಡಪಡಿಕೆ ಕಾಣಿಸುತ್ತದೆ. ಪ್ರಮಾಣ ಹೆಚ್ಚಾಗಿದ್ದರೆ ಆಮೇಲೆ ಮಗು ಮಂಕಾಗುತ್ತದೆ, ಕೈಕಾಲು ಅದುರುತ್ತದೆ, ಫಿಟ್ಸ್ ಬರಬಹುದು, ಉಸಿರು ನಿಧಾನವಾಗಬಹುದು.

ಬಾಯಲ್ಲಿ ಉಳಿದದ್ದನ್ನು ಒದ್ದೆ ಬಟ್ಟೆ ಸುತ್ತಿದ ಬೆರಳಿನಿಂದ ತೆಗೆದು, ತುಟಿ ಮತ್ತು ಕೈಗಳನ್ನು ತೊಳೆಯಿರಿ. ಬೆರಳು ಹಾಕಿ ವಾಂತಿ ಮಾಡಿಸಬೇಡಿ, ಉಪ್ಪುನೀರು ಕುಡಿಸಬೇಡಿ. ತಾನಾಗಿ ವಾಂತಿ ಮಾಡುತ್ತಿದ್ದರೆ ಮಗ್ಗುಲಿಗೆ ಮಲಗಿಸಿ. 108ಕ್ಕೆ ಕರೆ ಮಾಡಿ ಅಥವಾ ಸಿಕ್ಕ ವಾಹನದಲ್ಲಿ ಆಸ್ಪತ್ರೆಗೆ ಹೊರಡಿ, ಮತ್ತು ಅಲ್ಲಿ ‘ಏನೋ ತಿಂದಿದೆ’ ಎನ್ನದೆ ‘ಬೀಡಿಯ ಹೊಗೆಸೊಪ್ಪು ತಿಂದಿದೆ’ ಎಂದೇ ಹೇಳಿ. ಬೈಯುತ್ತಾರೆಂಬ ಹೆದರಿಕೆಯಿಂದ ತಾಯಂದಿರು ಇದನ್ನು ಮುಚ್ಚಿಡುವುದುಂಟು. ಆದರೆ ಕಾರಣ ಗೊತ್ತಿಲ್ಲದ ವೈದ್ಯರು ವಾಂತಿಯನ್ನು ಅಜೀರ್ಣವೆಂದು ತಿಳಿದು ಮನೆಗೆ ಕಳುಹಿಸಿಬಿಡಬಹುದು.

ಬಸುರಿಯರು ಬೀಡಿ ಕಟ್ಟಬಹುದೇ? ಎದೆಹಾಲು ಕುಡಿಸುವವರು?

ತಾಯಿಯ ರಕ್ತಕ್ಕೆ ಬಂದ ನಿಕೋಟಿನ್ ಮಾಸುವನ್ನು ದಾಟಿ ಮಗುವಿಗೆ ಹೋಗುತ್ತದೆ, ಮತ್ತು ಮಾಸುವಿಗೆ ರಕ್ತ ಹರಿಯುವ ನಾಳಗಳನ್ನು ಬಿಗಿಯುತ್ತದೆ. ಬೀಡಿ ಕಟ್ಟುವ ಹೆಂಗಸರಿಗೆ ಹುಟ್ಟುವ ಮಕ್ಕಳ ತೂಕ ಕಡಿಮೆ ಇರುವುದನ್ನು ಅಧ್ಯಯನಗಳು ಗುರುತಿಸಿವೆ. ಬಡತನ, ರಕ್ತಹೀನತೆ, ಎಡೆಬಿಡದ ಕೂತ ಕೆಲಸ ಇವುಗಳ ಪಾಲೂ ಅದರಲ್ಲಿದೆ, ಎಲ್ಲವನ್ನೂ ಹೊಗೆಸೊಪ್ಪಿನ ಮೇಲೇ ಹೊರಿಸಲು ಬರುವುದಿಲ್ಲ. ಆದರೂ ಬಸಿರಿನಲ್ಲಿ ಹೊಗೆಸೊಪ್ಪನ್ನು ಮುಟ್ಟದೆ ಇರುವುದೇ ಸರಿ. ಪೂರ್ತಿ ಬಿಡಲಾಗದ ಮನೆಗಳಲ್ಲಿ, ಎಲೆ ಕತ್ತರಿಸುವ ಕೆಲಸವನ್ನು ಬಸುರಿ ವಹಿಸಿಕೊಂಡು, ಹೊಗೆಸೊಪ್ಪು ತುಂಬಿ ಸುತ್ತುವುದನ್ನು ಮನೆಯ ಬೇರೆ ದೊಡ್ಡವರಿಗೆ ಬಿಡಬಹುದು. ಎಲೆಯಲ್ಲಿ ನಿಕೋಟಿನ್ ಇರುವುದಿಲ್ಲ. ಅದು ತೂಬರೆ ಜಾತಿಯ ಮರದ ಎಲೆ, ಹೊಗೆಸೊಪ್ಪಿಗೂ ಅದಕ್ಕೂ ಸಂಬಂಧವಿಲ್ಲ. ಎಲೆ ಕತ್ತರಿಸುವುದು ಬೇರೆ ಕೋಣೆಯಲ್ಲಿ ಅಥವಾ ಜಗಲಿಯಲ್ಲಿ ಆಗಬೇಕು, ಮೊರದ ಪಕ್ಕದಲ್ಲೇ ಕುಳಿತರೆ ಈ ಹಂಚಿಕೆಯಿಂದ ಏನೂ ಬರುವುದಿಲ್ಲ.

ಎದೆಹಾಲಿನ ವಿಷಯದಲ್ಲಿ ತಪ್ಪು ತಿಳಿಯಬಾರದು. ನಿಕೋಟಿನ್ ಹಾಲಿಗೆ ಬರುತ್ತದೆ, ರಕ್ತದಲ್ಲಿರುವುದಕ್ಕಿಂತ ಹೆಚ್ಚಿನ ಪ್ರಮಾಣದಲ್ಲೇ ಬರುತ್ತದೆ. ಹಾಗೆಂದು ಹಾಲು ಬಿಡಿಸಬಾರದು, ಎದೆಹಾಲಿನಿಂದ ಸಿಗುವ ರಕ್ಷಣೆ ಡಬ್ಬದ ಪುಡಿಯಿಂದ ಸಿಗುವುದಿಲ್ಲ. ನಿಕೋಟಿನ್ ಸುಮಾರು ಎರಡು ಗಂಟೆಯಲ್ಲಿ ದೇಹದಲ್ಲಿ ಅರ್ಧಕ್ಕೆ ಇಳಿಯುತ್ತದೆ. ಕೆಲಸಕ್ಕೆ ಕೂರುವ ಮೊದಲು ಹಾಲುಣಿಸುವುದು, ಕೆಲಸ ಬಿಟ್ಟ ಕೂಡಲೇ ಉಣಿಸದೆ ಸಾಧ್ಯವಾದಷ್ಟು ತಡೆದು, ಕೈ ಮತ್ತು ಎದೆಯನ್ನು ತೊಳೆದು, ಮೇಲಿನ ಬಟ್ಟೆ ಬದಲಿಸಿ ಉಣಿಸುವುದು ಒಳ್ಳೆಯದು. ಮಗು ಹಸಿದು ಅಳುತ್ತಿದ್ದರೆ ಎರಡು ಗಂಟೆ ಕಾಯಿಸುವ ಅಗತ್ಯವಿಲ್ಲ. ಕೈ ತೊಳೆದು ಬಟ್ಟೆ ಬದಲಿಸುವುದನ್ನು ಮಾತ್ರ ಬಿಡಬೇಡಿ.

ಮಾಸ್ಕ್ ಹಾಕಿಕೊಂಡರೆ ಸಾಕಲ್ಲವೇ? ಕೈಗವಸು?

ಬಟ್ಟೆಯ ಮಾಸ್ಕ್ ಅಥವಾ ಮೂಗಿಗೆ ಕಟ್ಟಿದ ಸೆರಗು ದೊಡ್ಡ ಚೂರುಗಳನ್ನು ತಡೆಯುತ್ತದೆ, ನುಣುಪು ಧೂಳನ್ನು ತಡೆಯುವುದಿಲ್ಲ. ಮುಖಕ್ಕೆ ಬಿಗಿಯಾಗಿ ಕೂರುವ ಎನ್ 95 ಮಾಸ್ಕ್ ತಡೆಯುತ್ತದೆ, ಆದರೆ ಕರಾವಳಿಯ ಸೆಕೆಯಲ್ಲಿ ಅದನ್ನು ಆರು ಗಂಟೆ ಹಾಕಿಕೊಂಡು ಕೂರುವುದು ಆಗದ ಮಾತು. ಚೀಲ ಸುರಿಯುವಾಗ ಮತ್ತು ಜಾಗ ಸ್ವಚ್ಛ ಮಾಡುವಾಗ, ಅಂದರೆ ದಿನಕ್ಕೆ ಹದಿನೈದು ಇಪ್ಪತ್ತು ನಿಮಿಷ, ಹಾಕಿಕೊಂಡರೆ ಅದರಿಂದ ಪ್ರಯೋಜನವಿದೆ. ಕೈಗವಸು ಹಾಕಿದರೆ ಎಲೆಯ ಬಿಗಿ ಬೆರಳಿಗೆ ತಿಳಿಯುವುದಿಲ್ಲ, ಬೀಡಿ ಸಡಿಲವಾಗುತ್ತದೆ, ಬ್ರಾಂಚಿನಲ್ಲಿ ತಿರಸ್ಕಾರವಾಗುತ್ತದೆ. ಬೀಡಿಯ ಲೆಕ್ಕಕ್ಕೆ ಮಜೂರಿ ಪಡೆಯುವವರಿಗೆ ಕೈಗವಸಿನ ಸಲಹೆ ಕೊಡುವವರು ಒಮ್ಮೆ ಅದನ್ನು ಹಾಕಿಕೊಂಡು ಒಂದು ಕಟ್ಟು ಸುತ್ತಿ ನೋಡಬೇಕು.

ಮುಖ್ಯವಾಗಿ, ತಾಯಿಯ ಮುಖದ ಮೇಲಿನ ಮಾಸ್ಕ್ ಕೂಸಿಗೆ ಏನೂ ಮಾಡುವುದಿಲ್ಲ. ಹೊಗೆಸೊಪ್ಪು ಓಡಾಡುವ ಜಾಗವನ್ನು ಕಟ್ಟಿಹಾಕಿದರೆ ಮನೆಯ ಎಲ್ಲರಿಗೂ ಅದರಿಂದ ಉಪಯೋಗ.

ಹಾಗಾದರೆ ಧೂಳನ್ನು ಕಟ್ಟಿಹಾಕುವುದು ಹೇಗೆ?

ಅದೇ ಎರಡು ಕೋಣೆಯ ಮನೆಯನ್ನು ಮತ್ತೆ ತೆಗೆದುಕೊಳ್ಳೋಣ. ಈಗ ತಾಯಿ ನಡುಕೋಣೆಯ ಗೋಡೆಗೆ ಒರಗಿ ಕೂರುತ್ತಾರೆ, ಫ್ಯಾನ್ ಆರಿಸಿರುತ್ತದೆ, ಕಿಟಕಿ ಮುಚ್ಚಿರುತ್ತದೆ. ‘ಫ್ಯಾನ್ ಹಾಕಿದರೆ ಹೊಗೆಸೊಪ್ಪು ಹಾರುತ್ತದೆ ಅಕ್ಕ, ಅಳತೆಗೆ ಕಡಿಮೆ ಬಂದರೆ ನಮ್ಮ ಕೈಯಿಂದಲೇ ಹೋಗುತ್ತದೆ’ ಎಂದು ಇಂಥ ಮನೆಗಳಲ್ಲಿ ಹೇಳುತ್ತಾರೆ. ಅವರ ಮಾತು ನಿಜ. ಆದ್ದರಿಂದ ಫ್ಯಾನ್ ಹಾಕಿ ಎಂದು ಹೇಳಿ ಬರುವುದರಲ್ಲಿ ಅರ್ಥವಿಲ್ಲ, ಕೂರುವ ಜಾಗವನ್ನೇ ಬದಲಿಸಬೇಕು.

ಮೊದಲನೆಯದಾಗಿ, ಮಳೆಯಿಲ್ಲದ ತಿಂಗಳುಗಳಲ್ಲಿ ಕೆಲಸವನ್ನು ಜಗಲಿಗೆ ತರಬೇಕು. ಜಗಲಿಯಲ್ಲೂ ಬಾಗಿಲಿನ ನೇರಕ್ಕೆ ಕೂತರೆ ಗಾಳಿ ಧೂಳನ್ನು ಮನೆಯೊಳಗೇ ತಳ್ಳುತ್ತದೆ. ಗಾಳಿ ಬರುವ ದಿಕ್ಕನ್ನು ನೋಡಿಕೊಂಡು, ಅದು ಮನೆಯ ಕಡೆಯಿಂದ ಬಂದು ತಮ್ಮನ್ನು ದಾಟಿ ಅಂಗಳಕ್ಕೆ ಹೋಗುವ ಬದಿಯಲ್ಲಿ ಕೂರಬೇಕು. ಜೋರು ಗಾಳಿಗೆ ಮೊರದ ಮುಂದೆ ಒಂದು ಹಲಗೆ ಅಡ್ಡ ಇಟ್ಟರೆ ಹೊಗೆಸೊಪ್ಪು ಹಾರುವುದಿಲ್ಲ.

ಎರಡನೆಯದು ಮೊರದಲ್ಲಿ ಇರುವ ಪ್ರಮಾಣ. ಇಡೀ ದಿನದ ಹೊಗೆಸೊಪ್ಪನ್ನು ಬೆಳಿಗ್ಗೆಯೇ ಸುರಿದುಕೊಳ್ಳುವ ಬದಲು, ಬಿಗಿ ಮುಚ್ಚಳದ ಡಬ್ಬದಲ್ಲಿಟ್ಟು, ನೂರು ಬೀಡಿಗೆ ಬೇಕಾಗುವ ಇಪ್ಪತ್ತು ಇಪ್ಪತ್ತೈದು ಗ್ರಾಂನಷ್ಟನ್ನು ಮಾತ್ರ ತೆಗೆದುಕೊಳ್ಳಬೇಕು. ಡಬ್ಬದ ಬಾಯಿಯನ್ನು ಮೊರದೊಳಗೇ ಇಟ್ಟು, ಸುರಿಯದೆ ಕೈಯಿಂದ ಜಾರಿಸಬೇಕು. ಮಗು ಓಡಿಬಂದು ಮೊರ ಮಗುಚಿದರೂ ಚೆಲ್ಲುವುದು ಒಂದು ಹಿಡಿ ಮಾತ್ರ. ಡಬ್ಬವನ್ನು ಮಗುವಿನ ಕೈಗೆ ಎಟುಕದ ಎತ್ತರದಲ್ಲಿ ಇಡಬೇಕು. ಕಟ್ಟಿದ ಬೀಡಿಯನ್ನು ರಾತ್ರಿ ಮಂಚದ ಕೆಳಗೆ ಇಡುವ ರೂಢಿಯಿದೆ, ಅದನ್ನೂ ಮುಚ್ಚಿದ ಪೆಟ್ಟಿಗೆಗೆ ಹಾಕಿ ಮಲಗದ ಕೋಣೆಯಲ್ಲಿ ಇಡಬೇಕು.

ಮೂರನೆಯದು ಬಟ್ಟೆ. ಹಳೆಯದೊಂದು ತೋಳಿನ ಅಂಗಿಯನ್ನು ಸೀರೆಯ ಅಥವಾ ನೈಟಿಯ ಮೇಲೆ ಹಾಕಿಕೊಂಡು, ತಲೆಗೆ ಬಟ್ಟೆ ಕಟ್ಟಿಕೊಂಡು ಕೂತು, ಏಳುವಾಗ ಅವೆರಡನ್ನೂ ಅಲ್ಲೇ ಕಳಚಿ ಇಡಬೇಕು. ಕೊಡವಬಾರದು. ಮಗುವಿನ ಬಟ್ಟೆಯ ಜೊತೆ ನೆನೆಹಾಕಬಾರದು. ತೊಡೆಯ ಮೇಲೆ ಒದ್ದೆ ಬಟ್ಟೆ ಹಾಸಿಕೊಂಡರೆ ಚೆಲ್ಲಿದ ಪುಡಿ ಅದಕ್ಕೇ ಅಂಟುತ್ತದೆ.

ನಾಲ್ಕನೆಯದು ಸ್ವಚ್ಛತೆ, ಮತ್ತು ನಮ್ಮ ಅನುಭವದಲ್ಲಿ ಎಲ್ಲಕ್ಕಿಂತ ಬೇಗ ಫಲ ಕೊಡುವುದೂ ಇದೇ. ಒಣ ಪೊರಕೆಯನ್ನು ಬಿಟ್ಟು ಒದ್ದೆ ಬಟ್ಟೆಯಿಂದ ಒರೆಸಬೇಕು. ಮಣ್ಣಿನ ನೆಲವಾದರೆ ಅಗಲವಾದ ಪ್ಲಾಸ್ಟಿಕ್ ಹಾಳೆ ಹಾಸಿ ಕೂತು, ಆಮೇಲೆ ಹಾಳೆಯನ್ನು ಒರೆಸಬೇಕು. ಒರೆಸಿದ ನೀರನ್ನು ಕೋಳಿ, ದನ ಕುಡಿಯುವ ಜಾಗಕ್ಕೆ ಚೆಲ್ಲಬಾರದು. ಗುಡಿಸಿದ ಕಸವನ್ನು ಬಚ್ಚಲ ಒಲೆಗೆ ಹಾಕುವವರಿದ್ದಾರೆ. ಎಲೆಯ ಚೂರಿನ ಜೊತೆ ಹೊಗೆಸೊಪ್ಪೂ ಉರಿದರೆ ಯಾರೂ ಸೇದದ ಮನೆಯಲ್ಲೂ ಬೀಡಿಯ ಹೊಗೆ ತುಂಬುತ್ತದೆ.

ಮಳೆಗಾಲದಲ್ಲಿ ಒಳಗೇ ಕೂರುವುದು ಅನಿವಾರ್ಯವಾದಾಗ, ಮಗು ಮಲಗುವ ಕೋಣೆಯನ್ನು ಬಿಟ್ಟು ಇನ್ನೊಂದರಲ್ಲಿ, ಕಿಟಕಿಯ ಪಕ್ಕದಲ್ಲಿ ಕೂತು, ನಡುವಿನ ಬಾಗಿಲು ಮುಚ್ಚಬೇಕು. ಕಿಟಕಿಯಲ್ಲಿ ಗಾಳಿಯನ್ನು ಹೊರಗೆ ಎಳೆಯುವ ಸಣ್ಣ ಫ್ಯಾನ್ ಇಡಲು ಸಾಧ್ಯವಾದರೆ ತಲೆಯ ಮೇಲಿನ ಫ್ಯಾನಿನಂತೆ ಅದು ಹೊಗೆಸೊಪ್ಪನ್ನು ಕೋಣೆಯೊಳಗೆ ಹರಡುವುದಿಲ್ಲ. ಒಂದೇ ಕೋಣೆಯ ಮನೆಗಳಲ್ಲಿ ಇದರ ಅರ್ಧದಷ್ಟೂ ಆಗುವುದಿಲ್ಲ. ಅಲ್ಲಿ ಮುಚ್ಚಳದ ಡಬ್ಬ, ಒದ್ದೆ ಬಟ್ಟೆಯಿಂದ ಒರೆಸುವುದು, ಮತ್ತು ಮಗುವನ್ನು ಆ ಹೊತ್ತಿಗೆ ಅಂಗನವಾಡಿಯಲ್ಲೋ ನೆರೆಮನೆಯಲ್ಲೋ ಬಿಡುವುದು ಈ ಮೂರನ್ನಾದರೂ ಹಿಡಿದುಕೊಳ್ಳಬೇಕು.

ಕೈ ತೊಳೆದರೂ ವಾಸನೆ ಹೋಗುವುದಿಲ್ಲ. ಏನು ಮಾಡಬೇಕು?

ವಾಸನೆ ಉಳಿಯುವುದು ಉಗುರಿನ ಸಂದಿಯಲ್ಲಿ. ಎಲೆಯ ತುದಿ ಮಡಚಲು ಉಗುರು ಬೇಕೆಂದು ಉದ್ದ ಬಿಡುವವರು ಅದಕ್ಕೆಂದೇ ಸಿಗುವ ಕಬ್ಬಿಣದ ಸಣ್ಣ ಕಡ್ಡಿಯನ್ನು ಬಳಸಿ ಉಗುರನ್ನು ಕತ್ತರಿಸಿಕೊಳ್ಳಬಹುದು. ಬರೀ ನೀರಿನಲ್ಲಿ ಅದ್ದಿದರೆ ನಿಕೋಟಿನ್ ಕರಗಿ ಕೈತುಂಬ ಹರಡುತ್ತದೆ. ಸೋಪು ಹಚ್ಚಿ, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಗುರನ್ನು ತಿಕ್ಕಿ, ಹರಿಯುವ ನೀರಿನಲ್ಲಿ ತೊಳೆಯಬೇಕು. ಚಹಾದ ಲೋಟವನ್ನು ಮೊರದ ಪಕ್ಕದಲ್ಲಿ ಇಟ್ಟುಕೊಳ್ಳದೆ ಎದ್ದು ಹೋಗಿ ಕುಡಿಯುವುದರಿಂದ ಬೆನ್ನಿಗೂ ವಿಶ್ರಾಂತಿ ಸಿಗುತ್ತದೆ.

ಮನೆಯಲ್ಲಿ ಮಕ್ಕಳು ಕೈಜೋಡಿಸುವುದಕ್ಕೆ ಕಾನೂನಿನಲ್ಲಿ ಅವಕಾಶವಿದೆ ಎನ್ನುತ್ತಾರೆ. ನಿಜವೇ?

ಬೀಡಿಯ ವಿಷಯದಲ್ಲಿ ನಿಜವಲ್ಲ. 1986ರ ಬಾಲಕಾರ್ಮಿಕ ಕಾಯ್ದೆ ಬೀಡಿ ತಯಾರಿಕೆಯನ್ನು ಮಕ್ಕಳಿಗೆ ನಿಷೇಧಿಸಿದ ಕೆಲಸಗಳ ಪಟ್ಟಿಯಲ್ಲಿ ಇಟ್ಟಿತ್ತು, ಆದರೆ ಕುಟುಂಬದವರೇ ಸೇರಿ ನಡೆಸುವ ಕೆಲಸಕ್ಕೆ ವಿನಾಯಿತಿ ಕೊಟ್ಟಿತ್ತು. ಮನೆಯೊಳಗಿನ ಬೀಡಿ ಕೆಲಸ ಆ ಸಂದಿಯಿಂದಲೇ ನುಸುಳಿಹೋಯಿತು. 2016ರ ತಿದ್ದುಪಡಿ 14 ವರ್ಷದೊಳಗಿನ ಮಕ್ಕಳನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳಬಾರದೆಂದು ಹೇಳಿ, ಶಾಲೆಯ ಹೊತ್ತು ಮುಗಿದ ಮೇಲೆ ಅಥವಾ ರಜೆಯಲ್ಲಿ ಮನೆಯವರಿಗೆ ನೆರವಾಗುವುದಕ್ಕೆ ಮಾತ್ರ ಅವಕಾಶ ಉಳಿಸಿತು. ಅಪಾಯಕಾರಿ ಎಂದು ಪಟ್ಟಿ ಮಾಡಿದ ಕೆಲಸಗಳಿಗೆ ಆ ಅವಕಾಶವೂ ಇಲ್ಲ. ಬೀಡಿ ತಯಾರಿಕೆ, ಹೊಗೆಸೊಪ್ಪನ್ನು ಕೈಯಲ್ಲಿ ಹಿಡಿಯುವ ಕೆಲಸ ಆ ಪಟ್ಟಿಗೆ ಸೇರಿದ್ದು.

ಧೂಳಿನ ಹೊಣೆ ಕೆಲಸ ಕೊಟ್ಟವರದ್ದಲ್ಲವೇ?

1966ರ ಬೀಡಿ ಮತ್ತು ಸಿಗಾರ್ ಕೆಲಸಗಾರರ ಕಾಯ್ದೆ ಎಲೆ, ಹೊಗೆಸೊಪ್ಪು ಪಡೆದು ಮನೆಯಲ್ಲಿ ಬೀಡಿ ಕಟ್ಟಿಕೊಡುವವರನ್ನೂ ಕೆಲಸಗಾರರೆಂದೇ ಪರಿಗಣಿಸಿತು. ಅದರ ಸಿಂಧುತ್ವವನ್ನು ಸುಪ್ರೀಂ ಕೋರ್ಟ್ 1974ರಲ್ಲಿ ಎತ್ತಿಹಿಡಿಯಿತು, ಮತ್ತು ಆ ಮೊಕದ್ದಮೆ ಹೂಡಿದವರಲ್ಲಿ ಮಂಗಳೂರು ಗಣೇಶ್ ಬೀಡಿ ವರ್ಕ್ಸ್ ಕೂಡ ಒಂದು. ಈಗ ಆ ಕಾಯ್ದೆ 2020ರ ಕಾರ್ಮಿಕ ಸಂಹಿತೆಯೊಳಗೆ ಸೇರಿಹೋಗಿದೆ. ಆದರೆ ಗಾಳಿಬೆಳಕು, ಸ್ವಚ್ಛತೆ, ಧೂಳು ನಿವಾರಣೆ ಕುರಿತ ನಿಯಮಗಳು ಕಾರ್ಖಾನೆ ಮತ್ತು ಕೆಲಸದ ಶೆಡ್ಡುಗಳನ್ನು ಕಣ್ಣ ಮುಂದೆ ಇಟ್ಟುಕೊಂಡು ಬರೆದವು. ಕೆಲಸ ಶೆಡ್ಡಿನಿಂದ ಮನೆಗೆ ಬಂದಾಗ ಕಿಟಕಿ, ನೆಲ, ನೀರು, ಸೋಪು ಇವೆಲ್ಲದರ ಖರ್ಚು ಬೀಡಿ ಕಟ್ಟುವವರ ಮೇಲೆ ಬಿತ್ತು. ಇದು ಅನ್ಯಾಯ ಎಂದೇ ನಮ್ಮ ಅಭಿಪ್ರಾಯ. ಮುಚ್ಚಳದ ಡಬ್ಬ, ಹಾಸುವ ಹಾಳೆ, ಮೇಲಂಗಿ, ಸೋಪು ಇವನ್ನು ಎಲೆ ಹೊಗೆಸೊಪ್ಪಿನ ಜೊತೆಗೇ ಬ್ರಾಂಚಿನಿಂದ ಕೊಡಬೇಕೆಂದು ಸಂಘದ ಮೂಲಕ ಕೇಳುವುದು ಸಣ್ಣದಾದರೂ ನ್ಯಾಯವಾದ ಬೇಡಿಕೆ.

ಬೀಡಿ ಕೆಲಸಗಾರರ ಗುರುತಿನ ಚೀಟಿ ಇದ್ದರೆ ಕೇಂದ್ರ ಕಾರ್ಮಿಕ ಕಲ್ಯಾಣ ಸಂಸ್ಥೆಯ ಔಷಧಾಲಯಗಳಲ್ಲಿ ಚಿಕಿತ್ಸೆ ಮತ್ತು ಮಕ್ಕಳ ಓದಿಗೆ ವಿದ್ಯಾರ್ಥಿವೇತನ ಪಡೆಯಬಹುದು. ಚೀಟಿ ಗಂಡನ ಅಥವಾ ಅತ್ತೆಯ ಹೆಸರಿನಲ್ಲಿದ್ದು ಬೀಡಿ ಕಟ್ಟುವವರು ಸೊಸೆಯಾಗಿರುವ ಮನೆಗಳಿವೆ. ಆ ಸೊಸೆಯ ಕೆಮ್ಮು ಯಾವ ದಾಖಲೆಯಲ್ಲೂ ಬೀಡಿ ಕೆಲಸಗಾರರ ಕೆಮ್ಮಾಗಿ ಬರುವುದಿಲ್ಲ. ಆದ್ದರಿಂದ ಕಟ್ಟುವವರ ಹೆಸರಿನಲ್ಲೇ ಚೀಟಿ ಮಾಡಿಸಿಕೊಳ್ಳಬೇಕು, ಮತ್ತು ಯಾವ ಆಸ್ಪತ್ರೆಗೆ ಹೋದರೂ ಉದ್ಯೋಗ ಕೇಳಿದಾಗ ‘ಮನೆಯಲ್ಲೇ ಇರುವುದು’ ಎನ್ನದೆ, ಎಷ್ಟು ವರ್ಷದಿಂದ ದಿನಕ್ಕೆ ಎಷ್ಟು ಬೀಡಿ ಕಟ್ಟುತ್ತೇನೆ ಎಂದು ಬರೆಸಬೇಕು.

ಕೆಲಸ ನಿಲ್ಲಿಸಿದ ಮೇಲೆ ಮನೆಯಲ್ಲಿರುವ ಹೊಗೆಸೊಪ್ಪು ತಾನಾಗಿ ಹೋಗುತ್ತದೆಯೇ?

ದೇಹದಲ್ಲಿರುವ ನಿಕೋಟಿನ್ ಮತ್ತು ಕೊಟಿನಿನ್ ಕೆಲವೇ ದಿನಗಳಲ್ಲಿ ಇಳಿಯುತ್ತವೆ. ಮನೆಯಲ್ಲಿ ಕೂತದ್ದು ಅಷ್ಟು ಬೇಗ ಇಳಿಯುವುದಿಲ್ಲ. ವರ್ಷಗಟ್ಟಲೆ ಒಂದೇ ಮೂಲೆಯಲ್ಲಿ ಕೂತು ಕಟ್ಟಿದ ಮನೆಯಲ್ಲಿ ಗೋಡೆಯ ಕೆಳಭಾಗ, ಚಾಪೆ, ದಿಂಬು, ಹಾಸಿಗೆಯ ಹತ್ತಿ, ಹೆಂಚಿನ ಕೆಳಗಿನ ಮರದ ಪಟ್ಟಿ ಎಲ್ಲಕ್ಕೂ ಅದು ಹಿಡಿದಿರುತ್ತದೆ. ಚಾಪೆಯನ್ನು ಬದಲಿಸಿ, ದಿಂಬಿನ ಬಟ್ಟೆಗಳನ್ನು ಸೋಪಿನಲ್ಲಿ ಒಗೆದು, ಹಾಸಿಗೆಯನ್ನು ಮನೆಯಿಂದ ದೂರದಲ್ಲಿ ಬಿಸಿಲಿಗೆ ಹಾಕಿ ತಟ್ಟಿ, ಗೋಡೆಯನ್ನು ಮೊದಲು ಒದ್ದೆ ಬಟ್ಟೆಯಿಂದ ಒರೆಸಿ ಆಮೇಲೆ ಸುಣ್ಣ ಬಳಿಯಬೇಕು. ಒರೆಸದೆ ಸುಣ್ಣ ಬಳಿದರೆ ಕಂದು ಬಣ್ಣ ಕೆಲವು ದಿನಗಳಲ್ಲಿ ಸುಣ್ಣದ ಮೇಲೆ ಮತ್ತೆ ಮೂಡಿಬರಬಹುದು. ತಿಂಗಳ ನಂತರ ಮಗು ಮಲಗುವ ಮಂಚದ ಚೌಕಟ್ಟನ್ನು ಅದೇ ಬಿಳಿ ಒದ್ದೆ ಬಟ್ಟೆಯಿಂದ ಇನ್ನೊಮ್ಮೆ ಒರೆಸಿ ನೋಡಿ.